ಮೇಯಲ್ಲಿ ನೀರು, ಜುಲೈಯಲ್ಲಿ ದಾರಿ: ತೋಟದ ಜಾಗ ನೋಡಿದ ನನ್ನ ಅನುಭವ

ನಮ್ಮ ಕಾಸರಗೋಡಿನ ಕಡೆ ಅಡಿಕೆ ತೋಟದ ವ್ಯಾಪಾರಗಳು ಹೆಚ್ಚಾಗಿ ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ ಕುದುರುತ್ತವೆ. ಆಗ ಕೊಯ್ಲು ನಡೆಯುತ್ತಿರುತ್ತದೆ, ತೋಡಿಗೆ ಹಾಕಿದ ಕಟ್ಟದಲ್ಲಿ ನೀರು ನಿಂತಿರುತ್ತದೆ, ದಾರಿ ಒಣಗಿರುತ್ತದೆ, ಯಾವ ಜಾಗವನ್ನು ನೋಡಿದರೂ ಮನಸ್ಸಿಗೆ ಹಿಡಿಸುತ್ತದೆ. ನಾನು ಆ ಕಾಲದಲ್ಲಿ ಜಾಗ ನೋಡುವುದನ್ನೇ ಬಿಟ್ಟೆ. ಮೇ ಕೊನೆಯಲ್ಲಿ ಒಮ್ಮೆ, ಜುಲೈಯ ಜಡಿಮಳೆಯಲ್ಲಿ ಇನ್ನೊಮ್ಮೆ ನೋಡದೆ ಕರಾರು ಮಾಡುವುದಿಲ್ಲ ಎಂದಾಗ ಭಾವಂದಿರು ನಕ್ಕರು. ದಲ್ಲಾಳಿಯಂತೂ, "ಮಾರಾಯ್ರೇ, ನೀವು ಜಾಗ ತೆಗೆದುಕೊಳ್ಳುವುದೋ, ಪೋಸ್ಟ್‌ಮಾರ್ಟಂ ಮಾಡುವುದೋ?" ಎಂದು ಕೇಳಿದರು. ಹೀಗೆ ಕಾಯುತ್ತಿರುವಾಗ ಎರಡು ತೋಟಗಳು ಬೇರೆಯವರ ಪಾಲಾದದ್ದು ನಿಜ. ಅವುಗಳಲ್ಲಿ ಒಂದಕ್ಕೆ ನಾನು ಸರ್ವೆಯವರಿಗೆ ಕೊಟ್ಟ ಸುಮಾರು 8,000 ರೂಪಾಯಿಯೂ ನೀರಿನಲ್ಲಿ ಹೋಯಿತು. ಮೂರನೆಯದು ನಿಂತಿತು. ಪೆರ್ಲದಿಂದ ಒಳಗೆ, ಗುಡ್ಡೆಯ ಇಳಿಜಾರಿನಲ್ಲಿರುವ ಆ ಜಾಗವನ್ನು ಮಾರುವವರು ಮೂರು ಎಕ್ರೆ ಎಂದಿದ್ದರು. ಸುಮಾರು ಎರಡು ಎಕ್ರೆಯಲ್ಲಿ ಅಡಿಕೆ, ಉಳಿದದ್ದರಲ್ಲಿ ಗೇರು ಮತ್ತು ಪಾರೆ. ಎಕ್ರೆಗೆ ನೂರು ಸೆಂಟಿನ ಲೆಕ್ಕದಲ್ಲಿ ಸೆಂಟಿಗೆ 18,000ದ ಆಸುಪಾಸಿನಲ್ಲಿ ಬೆಲೆ ಹೇಳಿದ್ದರು.

ದಾರಿಯ ವಿಷಯದಲ್ಲಿ ಗೇಟಿನ ಅಗಲವನ್ನು ನೋಡಿ ಸಮಾಧಾನ ಪಡುವವರೇ ಹೆಚ್ಚು. ನಾನು ಟಾರು ರಸ್ತೆಯಿಂದ ಗೇಟಿನವರೆಗೆ ಟೇಪು ಹಿಡಿದು ನಡೆದು, ಅತಿ ಕಿರಿದಾದ ಜಾಗ ಯಾವುದು ಎಂದು ಗುರುತಿಸಿದೆ. ಬೋರು ಕೊರೆಯುವ ಲಾರಿಗೆ ನೇರ ದಾರಿಯಲ್ಲಿಯೇ ಮೂರು ಮೀಟರು ಬೇಕು, ತಿರುವಿನಲ್ಲಿ ಇನ್ನೂ ಹೆಚ್ಚು ಬೇಕು, ನಡುವೆ ಮೋರಿ ಇದ್ದರೆ ಅದು ಆ ಭಾರವನ್ನು ತಡೆಯಬೇಕು. ಇಲ್ಲಿ ಮೊದಲ 250 ಮೀಟರು ಪಂಚಾಯತಿನ ರಸ್ತೆ. ಅದು ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಸೇರಿದೆ ಎಂಬುದನ್ನು ಕಚೇರಿಯಲ್ಲಿ ಖಾತ್ರಿ ಮಾಡಿಕೊಂಡೆ. ಉಳಿದ 150 ಮೀಟರು ನೆರೆಯವರ ಜಾಗದ ಮೂಲಕ ಹೋಗುತ್ತಿತ್ತು. ಕಣ್ಣಿಗೆ ಕಾಣುವುದು ಪಿಕಪ್ ಹೋಗುವ ಹತ್ತು ಅಡಿಯ ದಾರಿ. ಜಾಗದ ಹಳೆಯ ಕನ್ನಡ ಆಧಾರಪತ್ರದಲ್ಲಿ ಬರೆದದ್ದು ಮಾತ್ರ ನಾಲ್ಕಡಿಯ ಕಾಲುದಾರಿ. ಮೂವತ್ತು ವರ್ಷಗಳಿಂದ ವಾಹನ ಹೋಗುತ್ತಿದೆ, ಹಕ್ಕು ಬಂದ ಹಾಗೆಯೇ ಎಂದು ಮಾರುವವರು ವಾದಿಸಿದರು. 1882ರ ಈಸ್‌ಮೆಂಟ್ ಕಾಯಿದೆಯ 15ನೇ ಕಲಮಿನಲ್ಲಿ ಇಪ್ಪತ್ತು ವರ್ಷದ ಮಾತು ಇರುವುದು ಹೌದು, ಆದರೆ ಆ ಬಳಕೆ ಹಕ್ಕಿನಿಂದ ನಡೆದದ್ದಾಗಿರಬೇಕು. ಅನುಮತಿ ಕೇಳಿ ನಡೆದ ದಾರಿಗೆ ವರ್ಷ ಎಷ್ಟಾದರೂ ಹಕ್ಕು ಹುಟ್ಟುವುದಿಲ್ಲ. ಆದ್ದರಿಂದ ನಾನು ನೆರೆಯವರ ಜಗಲಿಯಲ್ಲಿ ಕುಳಿತು, ಕಳೆದ ಮಳೆಗಾಲದಲ್ಲಿ ದಾರಿಗೆ ಕಲ್ಲು ಹಾಕಿಸಿದವರು ಯಾರು, ಹಣ ಕೊಟ್ಟವರು ಯಾರು ಎಂದಷ್ಟೇ ಕೇಳಿದೆ. "ನಾವೇ ಬಿಟ್ಟುಕೊಟ್ಟದ್ದು, ಪ್ರತಿ ವರ್ಷ ಕೇಳಿಯೇ ರಿಪೇರಿ ಮಾಡುತ್ತಾರೆ" ಎಂದರು. ವಿಷಯ ಅಲ್ಲಿಗೇ ತಿಳಿಯಿತು. ಮೂರು ಮೀಟರು ಅಗಲದ ದಾರಿಹಕ್ಕನ್ನು ನೋಂದಣಿ ಮಾಡಿಸಿಕೊಳ್ಳಲು ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಖರ್ಚಾಯಿತು. ಅರ್ಧ ಮಾರುವವರು ಕೊಟ್ಟರು. ಜಾಗದ ಆಧಾರಪತ್ರ ಆಗುವ ಮೊದಲೇ ಇದು ಮುಗಿಯಬೇಕು, ಆ ಮೇಲೆ ನೆರೆಯವರು ಹೇಳಿದ್ದೇ ಬೆಲೆ.

ಗಡಿಯ ಬಗ್ಗೆ ಇಳಿಜಾರಿನ ಜಾಗಗಳಿಗೆ ಸೇರಿದ ಒಂದು ಮಾತನ್ನು ಮುಖ್ಯವಾಗಿ ಹೇಳಬೇಕು. ಕಾಸರಗೋಡು 1956ರವರೆಗೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಭಾಗವಾಗಿದ್ದುದರಿಂದ ನಮ್ಮಲ್ಲಿ ಎಫ್ಎಂಬಿ, ಎಂದರೆ ಸರ್ವೆಯ ಅಳತೆ ಪುಸ್ತಕದ ನಕ್ಷೆಗಳಿವೆ. ಹಳೆಯವುಗಳಲ್ಲಿ ಅಳತೆ ಲಿಂಕಿನಲ್ಲಿರುತ್ತದೆ, ನೂರು ಲಿಂಕಿಗೆ 66 ಅಡಿ. ನಕ್ಷೆಯ ಅಳತೆ ಯಾವಾಗಲೂ ಮಟ್ಟಸವಾದ ದೂರ. ಒಂದು ಬದಿಯ ಎರಡು ಸರ್ವೆ ಕಲ್ಲುಗಳ ನಡುವೆ ನೆಲಕ್ಕೆ ತಾಗಿಸಿ ಟೇಪು ಎಳೆದಾಗ 66 ಮೀಟರು ಬಂತು, ನಕ್ಷೆಯಲ್ಲಿ ಇದ್ದದ್ದು 62. ನಾಲ್ಕು ಮೀಟರು ಹೆಚ್ಚು ಜಾಗವಿದೆ ಎಂದು ಜತೆಗಿದ್ದವರಿಗೆ ಸಂತೋಷವಾಯಿತು. ಟೇಪನ್ನು ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಸಲವೂ ಮಟ್ಟಸವಾಗಿ ಹಿಡಿದು, ತೂಗುಗುಂಡು ಬಿಟ್ಟು ಇಳಿದಾಗ 62 ಸರಿಯಾಗಿ ಬಂತು. ಇಪ್ಪತ್ತು ಡಿಗ್ರಿಯ ಇಳಿಜಾರಿನಲ್ಲಿ ಇಷ್ಟು ವ್ಯತ್ಯಾಸ ಸಹಜ, ಹಾಗಾಗಿ ಕಲ್ಲು ಕದಲಿಲ್ಲ ಎಂದು ತಿಳಿಯಿತು. ಮೊಬೈಲಿನ ಜಿಪಿಎಸ್‌ನಲ್ಲಿ ಸುತ್ತಳತೆ ಹಾಕುವ ಪ್ರಯೋಗವನ್ನೂ ಮಾಡಿದ್ದೆ. ಅಡಿಕೆಯ ನೆರಳಿನಲ್ಲಿ ಒಂದೇ ಸುತ್ತನ್ನು ಎರಡು ಸಲ ನಡೆದರೆ ಎರಡು ಲೆಕ್ಕ ಬಂದದ್ದರಿಂದ ಕೈಬಿಟ್ಟೆ.

ನಿಜವಾದ ಲಾಭ ಸಿಕ್ಕಿದ್ದು ಕೆಳಗಿನ ಬದಿಯಲ್ಲಿ. ಅಲ್ಲಿ ತೋಡೇ ಗಡಿ ಎಂದು ತೋರಿಸಿದರು. ನಕ್ಷೆಯ ಪ್ರಕಾರ ಗಡಿಗೆರೆ ನೀರಿನ ಅಂಚಿಗಿಂತ ಐದೂವರೆ ಮೀಟರಿನಷ್ಟು ಮೇಲೆಯೇ ನಿಲ್ಲುತ್ತಿತ್ತು. ಸುಮಾರು ನೂರು ಮೀಟರು ಉದ್ದಕ್ಕೂ ಎರಡು ಸಾಲು ಅಡಿಕೆ, ಎಪ್ಪತ್ತರ ಹತ್ತಿರ ಮರ, ತೋಡಿನ ಪುರಂಬೋಕಿನಲ್ಲಿ ಇದ್ದವು. ಹದಿನಾಲ್ಕು ಸೆಂಟು ಸರಕಾರದ್ದು! ವಿಲೇಜಿನ ತೀರ್ವೆ ರಶೀದಿಯ ವಿಸ್ತೀರ್ಣವನ್ನು ಸೆಂಟಿಗೆ ತಿರುಗಿಸಿ ನೋಡಿದರೂ 286ರ ಆಸುಪಾಸಿನಲ್ಲಿ ಬಂತು. ಎರಡೂವರೆ ಲಕ್ಷ ಬೆಲೆಯಲ್ಲಿ ಇಳಿಯಿತು. ಮೇಲಿನ ಅಗಳಿನಲ್ಲಿ ಹೂತುಹೋಗಿದ್ದ ಒಂದು ಕಲ್ಲನ್ನು ಸರ್ವೆಯವರಿಗಿಂತ ಮೊದಲು ನಾನೇ ಹುಡುಕಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಇನ್ನು ಬೋರು. ಮಾರುವವರು ಸ್ವಿಚ್ಚು ಹಾಕುತ್ತಾರೆ, ಪೈಪಿನ ತುಂಬ ನೀರು ಬರುತ್ತದೆ, ಹತ್ತು ನಿಮಿಷ ನೋಡಿ ಎರಡು ಇಂಚು ನೀರಿದೆ ಎಂದು ನಾವು ಹೊರಡುತ್ತೇವೆ. ಆ ಹತ್ತು ನಿಮಿಷದಲ್ಲಿ ನಾವು ನೋಡುವುದರಲ್ಲಿ ಹೆಚ್ಚಿನ ಪಾಲು ಕೊಳವೆಯೊಳಗೆ ನಿಂತಿದ್ದ ನೀರು, ಬಂಡೆಯ ಸೆರೆಯಿಂದ ಬರುವ ನೀರಲ್ಲ. ಆರು ಇಂಚಿನ ಬೋರಿನಲ್ಲಿ ಒಂದು ಮೀಟರು ಆಳಕ್ಕೆ ಸುಮಾರು 18 ಲೀಟರು ನೀರು ನಿಲ್ಲುತ್ತದೆ. ಇಲ್ಲಿನ ಬೋರು 380 ಅಡಿ, ಪಂಪು ಇಳಿಸಿದ್ದು 300 ಅಡಿಗೆ. ಸಣ್ಣ ನೈಲಾನ್ ದಾರಕ್ಕೆ ನಟ್ಟು ಕಟ್ಟಿ ಕೇಬಲಿಗೆ ಸಿಕ್ಕಿಕೊಳ್ಳದಂತೆ ನಿಧಾನವಾಗಿ ಬಿಟ್ಟಾಗ ನೀರು 60 ಅಡಿಯಲ್ಲಿ ಸಿಕ್ಕಿತು. ಎಂದರೆ ಪಂಪಿನ ಮೇಲೆ 240 ಅಡಿ ನೀರು, 1,300 ಲೀಟರು, ಮೊದಲೇ ತುಂಬಿತ್ತು. ಪಂಪು ಹಾಕಿದಾಗ 200 ಲೀಟರಿನ ಡ್ರಮ್ಮು ಎರಡೂವರೆ ನಿಮಿಷಕ್ಕೆ ತುಂಬಿತು, ನಿಮಿಷಕ್ಕೆ 80 ಲೀಟರು. ಮಾರುವವರ ಮುಖ ಅರಳಿತು. ನಾನು ಡ್ರಮ್ಮು ತುಂಬಿಸುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೈದು ನಿಮಿಷದ ಹೊತ್ತಿಗೆ ಧಾರೆ ಕಡಿದು ಕಡಿದು ಬರತೊಡಗಿತು, ಪೈಪಿನಲ್ಲಿ ಗಾಳಿಯ ಸದ್ದು ಕೇಳಿತು.

ಈ ಹಂತದಲ್ಲಿ ಪಂಪನ್ನು ಹಾಗೆಯೇ ಓಡಿಸಿದರೆ ಮೋಟಾರು ಸುಡುತ್ತದೆ, ಆದ್ದರಿಂದ ಸ್ಟಾರ್ಟರಿನ ಬಳಿ ಒಬ್ಬರು ಕುಳಿತೇ ಇರಬೇಕು. ಮೋಟಾರು ಹೋದರೆ ನನ್ನದೇ ಖರ್ಚು ಎಂದು 12,000 ರೂಪಾಯಿಯನ್ನು ಮೊದಲೇ ಅವರ ಕೈಯಲ್ಲಿ ಇಟ್ಟಿದ್ದರಿಂದಲೇ ಅವರು ಈ ಪರೀಕ್ಷೆಗೆ ಒಪ್ಪಿದ್ದು. ಗೇಟ್ ವಾಲ್ವನ್ನು ಸ್ವಲ್ಪ ಸ್ವಲ್ಪವಾಗಿ ಮುಚ್ಚುತ್ತಾ ಹೋಗಿ, ಧಾರೆ ಕಡಿಯದೆ ಒಂದೇ ಸಮನೆ ಬರುವ ಜಾಗದಲ್ಲಿ ನಿಲ್ಲಿಸಿ, ನಾಲ್ಕೈದು ಗಂಟೆ ಓಡಿಸಿದೆವು. ಆಗ ಅದೇ ಡ್ರಮ್ಮಿಗೆ ಎಂಟು ನಿಮಿಷ ಬೇಕಾಯಿತು. ನಿಮಿಷಕ್ಕೆ 25 ಲೀಟರು, ಗಂಟೆಗೆ 1,500. ಬೋರಿನ ನಿಜವಾದ ನೀರು ಇದು, ಅದೂ ಮೇ ಕೊನೆಯ ಲೆಕ್ಕ. ಮೊದಲ ಅರ್ಧ ಗಂಟೆಯ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆಯೇ ಎಂದೂ ನೋಡಬೇಕು. ಮುರಕಲ್ಲಿನ ಕೆಳಗಿನ ಮೆತ್ತಗಿನ ಬಿಳಿ ಶೇಡಿಮಣ್ಣನ್ನು ದಾಟಿ ಗಟ್ಟಿ ಬಂಡೆಗೆ ಕೂರುವಷ್ಟು ಕೇಸಿಂಗ್ ಇಳಿಸದಿದ್ದರೆ ಶೇಡಿ ಒಳಗೆ ಸುರಿಯುತ್ತಿರುತ್ತದೆ. ಅಂಥ ಬೋರು ಇಂದಲ್ಲ ನಾಳೆ ಕುಸಿಯುತ್ತದೆ. ನಾನು ಬಿಟ್ಟ ತೋಟಗಳಲ್ಲಿ ಒಂದರಲ್ಲಿ ಇದನ್ನೇ ಕಂಡಿದ್ದೆ.

ಇಲ್ಲಿ 1,100 ಅಡಿಕೆ ಮರಗಳಿದ್ದವು. ಹನಿ ನೀರಾವರಿಯಲ್ಲಿ ಬೇಸಗೆಗೆ ಮರವೊಂದಕ್ಕೆ ದಿನಕ್ಕೆ 20 ಲೀಟರು ಹಿಡಿದರೆ 22,000 ಲೀಟರು ಬೇಕು. ಬೋರನ್ನು ಹನ್ನೆರಡು ಗಂಟೆ ಓಡಿಸಿದರೂ 18,000 ಮಾತ್ರ. ಜತೆಗಿದ್ದವರು ಬೇಡ ಎಂದರು. ಆದರೆ ಮೇಲಿನ ದರೆಯಲ್ಲಿ ನೀರಿಗಾಗಿ ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದ, ಪೊದೆ ಮುಚ್ಚಿದ ಒಂದು ಹಳೆಯ ಸುರಂಗವಿತ್ತು, ಅದನ್ನು ಮಾರುವವರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಾಯಿಯ ಕೆಸರು ತೆಗೆದು ಅಡಿಕೆ ಮರ ಸೀಳಿದ ದಂಬೆ ಇಟ್ಟಾಗ ನಿಮಿಷಕ್ಕೆ ಆರು ಲೀಟರು ಬಂತು. ತೆಳ್ಳಗಿನ ಧಾರೆ, ಆದರೆ ಹಗಲೂ ರಾತ್ರಿ ಕರೆಂಟಿಲ್ಲದೆ ಬರುವಂಥದ್ದು. ದಿನಕ್ಕೆ 8,600 ಲೀಟರು. ಎರಡೂ ಸೇರಿ 26,000 ದಾಟುತ್ತದೆ. ಚಳಿಗಾಲದಲ್ಲಿ ಎಲ್ಲ ಸುರಂಗಗಳೂ ಹರಿಯುತ್ತವೆ, ಮೇ ಕೊನೆಯಲ್ಲಿ ಹರಿಯುವ ಸುರಂಗಕ್ಕೆ ಮಾತ್ರ ಬೆಲೆ ಕಟ್ಟಬಹುದು.

ನೀರು ಹಿಂದಿನ ವರ್ಷಗಳಲ್ಲಿ ಕೈಕೊಟ್ಟಿತ್ತೇ ಎಂಬುದನ್ನು ಅಡಿಕೆ ಮರವೇ ಹೇಳುತ್ತದೆ. ಮರ ವರ್ಷಕ್ಕೆ ಆರೇಳು ಸೋಗೆ ಬೀಳಿಸುತ್ತದೆ, ಪ್ರತಿ ಸೋಗೆಯೂ ಕಾಂಡದ ಮೇಲೆ ಒಂದು ಉಂಗುರ ಬಿಡುತ್ತದೆ. ನೀರು ಸಾಲದ ವರ್ಷದ ಉಂಗುರಗಳು ಒತ್ತೊತ್ತಾಗಿರುತ್ತವೆ. ವಯಸ್ಸಾದಂತೆಯೂ ಉಂಗುರಗಳು ಹತ್ತಿರವಾಗುವುದರಿಂದ ಒಂದು ಮರ ನೋಡಿ ತೀರ್ಮಾನಿಸಬಾರದು. ಒಂದೇ ವಯಸ್ಸಿನ ಸಾಲಿನ ಎಲ್ಲ ಮರಗಳಲ್ಲಿಯೂ ಒಂದೇ ಎತ್ತರದಲ್ಲಿ ಪಟ್ಟೆ ಕಾಣಬೇಕು. ಮಂಡೆಯಲ್ಲಿ ಉಳಿದಿರುವ ಸೋಗೆಗಳ ಲೆಕ್ಕವನ್ನು ಹೇಗೆ ಕಳೆದು ವರ್ಷ ಗುರುತಿಸುವುದು ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ, ಇನ್ನೊಂದು ಜಾಗ ನೋಡುವುದು ಬಾಕಿ ಇದೆ.

ಮಣ್ಣಿಗೆ ಜುಲೈಯೇ ಸರಿ. ಮೇಲೆ, ನಡುವೆ, ಕೆಳಗೆ ಒಂದೊಂದು ಮೀಟರು ಆಳದ ಮೂರು ಹೊಂಡ ತೋಡಿಸಿದೆ. ಮೇಲಿನದರಲ್ಲಿ ಒಂದೂವರೆ ಅಡಿಗೇ ಮುರಕಲ್ಲು ತಾಗಿ ಪಿಕಾಸಿ ಪುಟಿಯಿತು. ಗೇರಿನ ಆ ಭಾಗಕ್ಕೆ ಅಡಿಕೆ ಏರಿಸುವ ಆಸೆ ಅಲ್ಲಿಗೇ ಮುಗಿಯಿತು. ನಡುವಿನದರಲ್ಲಿ ಕೆಂಪು ಮಣ್ಣು ತಳದವರೆಗೂ ಸಡಿಲವಾಗಿತ್ತು, ತುಂಬಿದ ನೀರು ಮರುದಿನ ಬೆಳಿಗ್ಗೆಯ ಒಳಗೆ ಇಂಗಿತ್ತು. ಕೆಳಗಿನದರಲ್ಲಿ ಎರಡಡಿಯ ಕೆಳಗೆ ಬೂದು ಬಣ್ಣದ, ಕೊಳೆತ ವಾಸನೆಯ ಮಣ್ಣು ಸಿಕ್ಕಿತು, ಎರಡು ದಿನವಾದರೂ ನೀರು ಇಳಿಯಲಿಲ್ಲ. ಅಲ್ಲಿ ನೀರು ಬಸಿದುಹೋಗುವ ಉಜಿರುಕಣಿಗಳು ಮುಚ್ಚಿಹೋಗಿ ಒಂದಡಿಯಷ್ಟೇ ಉಳಿದಿದ್ದವು. ಅವು ಗಿಡ ನೆಡುವ ಗುಂಡಿಗಿಂತ ಆಳವಾಗಿರಬೇಕು. ಅರ್ಧ ಎಕ್ರೆಯ ಕಣಿ ತೆಗೆಸಲು 40,000 ಆದೀತು ಎಂದು ಲೆಕ್ಕ ತೋರಿಸಿದೆ, ಅದರಲ್ಲಿಯೂ ಸ್ವಲ್ಪ ಬಿಟ್ಟರು.

ಅದೇ ದಿನ ದಾರಿಯ ಮೋರಿಯ ಮೇಲೆ ಮೊಣಕಾಲುದ್ದ ನೀರು ಹರಿಯುವುದನ್ನು ಕಂಡೆ. ಸಣ್ಣ ಕೊಳವೆಯನ್ನು ತೆಗೆದು ದೊಡ್ಡದು ಹಾಕಿಸಬೇಕೆಂದು ಪಂಚಾಯತಿಗೆ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಆಗಿಲ್ಲ. ಮರುವರ್ಷದ ಮೇಯಲ್ಲಿ ಅದೇ ಡ್ರಮ್ಮಿಟ್ಟು ಅಳೆದೆ: ಬೋರಿನದು ಎಂಟೂವರೆ ನಿಮಿಷ, ಸುರಂಗದ್ದು ಐದು ಲೀಟರಿಗಿಂತ ತುಸು ಹೆಚ್ಚು. ಹನ್ನೆರಡು ಗಂಟೆಯ ಲೆಕ್ಕದಲ್ಲಿ 24,000 ಲೀಟರಿಗೆ ಕೊರತೆಯಾಗಲಿಲ್ಲ. ನಕ್ಕಿದ್ದ ಭಾವ ಈಗ ತಾನು ನೋಡಿಟ್ಟ ಜಾಗಕ್ಕೆ ಮೇಯಲ್ಲಿ ಬರಬೇಕೆಂದು ನನ್ನನ್ನು ಕರೆದಿದ್ದಾನೆ. ಡ್ರಮ್ಮನ್ನು ಅವನೇ ತರುವುದೆಂದು ಮಾತಾಗಿದೆ.