ಗುಡ್ಡಕ್ಕೆ ಕಲ್ಲಿನ ಕವಚ: ಬೊರೊಬುದೂರ್ ಕಟ್ಟಿದ ಬಗೆ

ಮಧ್ಯ ಜಾವಾದ ಕೆದು ಬಯಲಿನಲ್ಲಿರುವ ಬೊರೊಬುದೂರ್ ಎಂಬ ಬೌದ್ಧ ಸ್ಮಾರಕ ದೂರದಿಂದ ಕಲ್ಲಿನ ಬೆಟ್ಟದಂತೆ ಕಂಡರೂ ಅದರ ಒಡಲಿನಲ್ಲಿರುವುದು ಮಣ್ಣು. ಎಂಟನೆಯ ಶತಮಾನದ ಕೊನೆಯ ಭಾಗದಲ್ಲಿ, ಶೈಲೇಂದ್ರ ಅರಸರ ಕಾಲದಲ್ಲಿ ಕೆಲಸ ಆರಂಭಿಸಿದವರು ಅಲ್ಲಿದ್ದ ದಿಬ್ಬವೊಂದನ್ನೇ ಆಯ್ದುಕೊಂಡು, ಬೇಕಾದ ಕಡೆ ಕಡಿದು, ಬೇಕಾದ ಕಡೆ ಮಣ್ಣು ತುಂಬಿಸಿ ಅದನ್ನು ಮೆಟ್ಟಿಲು ಮೆಟ್ಟಿಲಾಗಿ ರೂಪಿಸಿದರು. ಆ ಮೆಟ್ಟಿಲುಗಳ ಮೇಲೆ ಕಲ್ಲು ಹೊದಿಸಿದ್ದರಿಂದಲೇ ಕೆಳಗೆ ಚೌಕಾಕಾರದ ಆರು ಜಗತಿಗಳೂ ಅವುಗಳ ಮೇಲೆ ದುಂಡನೆಯ ಮೂರು ಜಗತಿಗಳೂ ನೆತ್ತಿಯಲ್ಲಿ ಒಂದು ದೊಡ್ಡ ಸ್ತೂಪವೂ ಮೂಡಿದವು. ಸುಮಾರು 55,000 ಘನ ಮೀಟರ್ ಕಲ್ಲು ಬಳಕೆಯಾಗಿದೆ. ಇಡೀ ಆಕಾರವನ್ನು ಕಲ್ಲಿನಲ್ಲೇ ತುಂಬುವುದಾಗಿದ್ದರೆ ಇದರ ಹಲವು ಪಟ್ಟು ಬೇಕಾಗುತ್ತಿತ್ತು.

ಎರಡನೆಯ ಹಂತ ಕಲ್ಲು ಜೋಡಿಸುವುದು. ಹತ್ತಿರದ ನದಿಪಾತ್ರಗಳಿಂದ ತಂದ ಬೂದುಬಣ್ಣದ ಜ್ವಾಲಾಮುಖಿ ಶಿಲೆಯನ್ನು ಸುಮಾರು ಒಂದು ಗೇಣು ಎತ್ತರದ ತುಂಡುಗಳಾಗಿ ಕಡಿದು, ಗಾರೆಯಿಲ್ಲದೆ ಸಾಲಿನ ಮೇಲೆ ಸಾಲಿಟ್ಟರು. ತುಂಡುಗಳು ಜಾರದಂತೆ ಒಂದರಲ್ಲಿ ಗುಬುಟು, ಇನ್ನೊಂದರಲ್ಲಿ ಅದು ಕೂರುವ ಕುಳಿ ತೆಗೆದರು. ಬಾಗಿಲುಗಳ ಮೇಲೆ ಎರಡೂ ಬದಿಯ ಕಲ್ಲುಗಳನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಚಾಚಿಸುತ್ತಾ ಹೋಗಿ ನಡುವೆ ಕೂಡಿಸಿದರು.

ಕೆತ್ತನೆ ನಡೆದದ್ದು ಗೋಡೆ ಎದ್ದ ಮೇಲೆ, ಅದು ನಿಂತ ಜಾಗದಲ್ಲಿಯೇ. ಒಂದೊಂದು ಫಲಕವೂ ಹಲವು ಕಲ್ಲುಗಳಿಂದ ಆಗಿರುವುದರಿಂದ ಸಂದಿನ ಗೆರೆಯು ಒಬ್ಬನ ಭುಜವನ್ನೋ ಆನೆಯ ಸೊಂಡಿಲನ್ನೋ ಸೀಳಿಕೊಂಡು ಹೋಗುತ್ತದೆ, ಆದರೂ ಉಳಿಯ ಗೆರೆ ಅದನ್ನು ದಾಟಿ ಎಲ್ಲೂ ತಪ್ಪದೆ ಮುಂದುವರಿಯುತ್ತದೆ. ಕಥೆ ಹೇಳುವ ಫಲಕಗಳೇ 1,460 ಇದ್ದು, ಅವನ್ನು ಒಂದೇ ಸಾಲಿನಲ್ಲಿ ಹರಡಿದರೆ ಸುಮಾರು 3 ಕಿಲೋಮೀಟರ್ ಆಗುತ್ತದೆ. ಅಷ್ಟು ಉದ್ದದ ಕಥೆಗೆ ಕ್ರಮ ಕೊಟ್ಟದ್ದು ಪ್ರದಕ್ಷಿಣೆ. ಪೂರ್ವದ ಮೆಟ್ಟಿಲು ಹತ್ತಿ, ಸ್ಮಾರಕವನ್ನು ಬಲಕ್ಕಿಟ್ಟುಕೊಂಡು ನಡೆಯುವವನಿಗೆ ಒಳಗೋಡೆಯ ಚಿತ್ರಗಳು ಬಲದಿಂದ ಎಡಕ್ಕೂ ಎದುರಿನ ಹೊರಗೋಡೆಯ ಚಿತ್ರಗಳು ಎಡದಿಂದ ಬಲಕ್ಕೂ ಸಾಗುತ್ತವೆ. ಓದುವ ದಿಕ್ಕನ್ನು ನಿರ್ಧರಿಸಿದ್ದು ನಡೆಯುವ ಕಾಲು. ಎರಡು ಗೋಡೆಗಳ ನಡುವಿನ ಹಾದಿಯಾದ ಮೊದಲ ಮೊಗಸಾಲೆಯ ಒಳಗೋಡೆಯ ಮೇಲಿನ ಸಾಲಿನ 120 ಫಲಕಗಳಲ್ಲಿ ಬುದ್ಧನ ಚರಿತೆಯು ತುಷಿತ ಸ್ವರ್ಗದಿಂದ ಆರಂಭವಾಗಿ ಸಾರನಾಥದ ಮೊದಲ ಉಪದೇಶದವರೆಗೆ ಬರುತ್ತದೆ.

ಶಿಲ್ಪಿಗಳು ಕೆಲಸ ಮಾಡುತ್ತಿದ್ದ ರೀತಿಯನ್ನು ನಾವು ಇಷ್ಟು ಹತ್ತಿರದಿಂದ ತಿಳಿಯಲು ಕಾರಣವಾದದ್ದು ಕಟ್ಟಡದ ಮುಚ್ಚಿಹೋದ ಪಾದ. ಮೂಲ ತಳದ ಸುತ್ತ ಕರ್ಮಫಲವನ್ನು ತೋರಿಸುವ 160 ಫಲಕಗಳಿದ್ದವು. ಅವೆಲ್ಲವೂ ಮುಗಿಯುವ ಮುನ್ನವೇ ಅವುಗಳೆದುರು ಅಗಲವಾದ ಕಲ್ಲಿನ ಕಟ್ಟೆಯನ್ನು ಕಟ್ಟಿ ಮುಚ್ಚಲಾಯಿತು. 1885ರಲ್ಲಿ ಐಸರ್‌ಮನ್ ಎಂಬ ಡಚ್ ಎಂಜಿನಿಯರ್ ಇದನ್ನು ಪತ್ತೆಹಚ್ಚಿದ ಬಳಿಕ, ಕಟ್ಟೆಯ ಕಲ್ಲುಗಳನ್ನು ಭಾಗಭಾಗವಾಗಿ ಬಿಚ್ಚಿ, ಜಾವಾದ ಛಾಯಾಗ್ರಾಹಕ ಕಾಸಿಯನ್ ಸೆಫಾಸ್ ಅವರಿಂದ ಚಿತ್ರ ತೆಗೆಸಿ, ಮತ್ತೆ ಮುಚ್ಚಿದರು. ಕೆಲವು ಫಲಕಗಳ ನೆತ್ತಿಯಲ್ಲಿ, ಇಲ್ಲಿ ಏನನ್ನು ಬಿಡಿಸಬೇಕೆಂದು ಶಿಲ್ಪಿಗೆ ತಿಳಿಸುವ ಪುಟ್ಟ ಬರಹಗಳು ಉಳಿದಿದ್ದವು. ಒಂದು ಕಡೆ 'ವಿರೂಪ' ಎಂದಿದೆ. ಅದರ ಕೆಳಗೆ ಸೊಟ್ಟ ಮುಖದ ಜನರಿದ್ದಾರೆ. ಇನ್ನೊಂದು ಕಡೆ 'ಸ್ವರ್ಗ' ಎಂದಿದೆ. ಲಿಪಿ ಹಳೆಯ ಜಾವಾದ್ದು, ಪದಗಳು ಮಾತ್ರ ಕನ್ನಡಿಗರೂ ಓದಿದೊಡನೆ ಅರ್ಥಮಾಡಿಕೊಳ್ಳುವ ಸಂಸ್ಕೃತ. ಕೆಲಸ ಮುಗಿದ ಮೇಲೆ ಅಳಿಸಬೇಕಾಗಿದ್ದ ಈ ಅಕ್ಷರಗಳ ರೂಪವನ್ನು ನೋಡಿಯೇ ವಿದ್ವಾಂಸರು ಕಟ್ಟಡದ ಕಾಲವನ್ನು ಅಂದಾಜು ಮಾಡಿದ್ದಾರೆ.

ಮುಚ್ಚಿದ್ದು ಏಕೆ ಎಂಬುದಕ್ಕೆ ಧಾರ್ಮಿಕ ಕಾರಣ ಹೇಳುವವರಿದ್ದಾರೆ. ಆದರೆ ಅರ್ಧಕ್ಕೇ ನಿಂತ ಫಲಕಗಳನ್ನು ಕಂಡಾಗ, ಮೇಲಿನ ಭಾರಕ್ಕೆ ಮಣ್ಣು ಹೊರಕ್ಕೆ ಒತ್ತಿ ಗೋಡೆಗಳು ಜರುಗುವ ಸೂಚನೆ ಸಿಕ್ಕಿ, ತಡೆಗಾಗಿ ಅವಸರದಲ್ಲಿ ಕಟ್ಟೆ ಹಾಕಿದರು ಎಂಬ ವಾದವೇ ನನಗೆ ಹೆಚ್ಚು ಒಪ್ಪಿತವೆನಿಸುತ್ತದೆ. ಆಗ್ನೇಯ ಮೂಲೆಯಲ್ಲಿ ಕಟ್ಟೆಯ ಸ್ವಲ್ಪ ಭಾಗವನ್ನು ಮುಂದೆ ಮತ್ತೆ ತೆರೆದು ಹಾಗೆಯೇ ಬಿಟ್ಟಿರುವುದರಿಂದ ಅಲ್ಲಿನ ಕೆಲವು ಫಲಕಗಳನ್ನು ಇಂದಿಗೂ ನೋಡಬಹುದು.

ಮಣ್ಣಿನ ಒಡಲಿಗೆ ಭಾರಕ್ಕಿಂತ ದೊಡ್ಡ ಶತ್ರು ಮಳೆ. ಕಟ್ಟಿದವರಿಗೂ ಇದು ಗೊತ್ತಿತ್ತು, ಆದ್ದರಿಂದಲೇ ಜಗತಿಗಳ ಮೂಲೆಗಳಲ್ಲಿ ಮಕರದ ಬಾಯಿಯ ದೋಣಿಗಳನ್ನಿಟ್ಟು ನೀರನ್ನು ಹೊರಕ್ಕೆ ಚೆಲ್ಲಿಸಿದರು. ಆದರೆ ಗಾರೆಯಿಲ್ಲದ ಸಂದುಗಳಲ್ಲಿ ಇಳಿದ ನೀರಿಗೆ ಆ ದಾರಿ ಸಿಗಲಿಲ್ಲ. ಅದು ಒಳಗಿನ ಮಣ್ಣನ್ನು ಕೊರೆದಂತೆ ಗೋಡೆಗಳು ವಾಲಿದವು, ನೆಲ ಕುಸಿಯಿತು, ಒಳಗಿನಿಂದ ಒಸರುವ ತೇವಕ್ಕೆ ಕೆತ್ತನೆಗಳ ಮುಖದ ಮೇಲೆ ಪಾಚಿಯೂ ಉಪ್ಪೂ ಕಟ್ಟಿದವು. 1975ರಿಂದ 1982ರವರೆಗೆ ಇಂಡೊನೇಷ್ಯಾ ಸರ್ಕಾರ ಮತ್ತು ಯುನೆಸ್ಕೊ ಚೌಕ ಜಗತಿಗಳ ಕಲ್ಲುಗಳನ್ನು ಬಿಚ್ಚಿ, ಒಂದೊಂದಕ್ಕೂ ಗುರುತು ಹಾಕಿ, ಶುಚಿಗೊಳಿಸಿ, ಕೆಳಗೆ ಕಾಂಕ್ರೀಟ್ ಹಾಸು ಹಾಕಿ ಮೊದಲಿನ ಜಾಗಕ್ಕೇ ಕೂರಿಸಿದವು. ಒಳಗೆ ಇಳಿದ ಮಳೆನೀರು ಈಗ ಚಿತ್ರಗಳ ಮೇಲೆ ಒಸರದೆ, ಗೋಡೆಯ ಹಿಂದೆ ಅಳವಡಿಸಿದ ಕೊಳವೆಗಳಲ್ಲಿ ದಿಬ್ಬದ ಬುಡಕ್ಕೆ ಹರಿದುಹೋಗುತ್ತದೆ.