ಗಲ್ಲಾ ಅಷ್ಟೇ ಇದ್ದರೂ ಲಾಭ ಯಾಕೆ ಇಳಿಯಿತು?

ತುಮಕೂರಿನ ನಮ್ಮ ಹೋಟೆಲಿನಲ್ಲಿ 2 ತಟ್ಟೆ ಇಡ್ಲಿಗೆ 1 ಮಸಾಲೆ ದೋಸೆ, 2 ಕಾಫಿ ಹೋಗುತ್ತೆ. ಇದನ್ನೇ ಒಂದು ಸೆಟ್ ಅಂತ ಹಿಡಿಯಿರಿ.

ಸಾಮಾನು, ಗ್ಯಾಸ್ ಖರ್ಚು ಕಳೆದರೆ ಇಡ್ಲಿಯಲ್ಲಿ (40 ರೂ.) 24, ದೋಸೆಯಲ್ಲಿ (80) 32, ಕಾಫಿಯಲ್ಲಿ (15) 10 ರೂಪಾಯಿ ಉಳಿಯುತ್ತೆ. ಅಂದರೆ 190 ರೂಪಾಯಿಯ ಸೆಟ್‌ಗೆ 100. ಬಾಡಿಗೆ, ಸಂಬಳ ತಿಂಗಳಿಗೆ 1.5 ಲಕ್ಷ. ಹಾಗಾಗಿ 1,500 ಸೆಟ್, 2.85 ಲಕ್ಷ ವ್ಯಾಪಾರವಾದರೆ ಅಸಲು.

ನಮ್ಮ ವ್ಯಾಪಾರ 2,000 ಸೆಟ್, 3.8 ಲಕ್ಷ. ಶೇ. 25 ಬಿದ್ದರೂ ನಷ್ಟವಿಲ್ಲ.

ಆದರೆ ಇಡ್ಲಿ ಅರ್ಧಕ್ಕಿಳಿದು, ಅದೇ ದುಡ್ಡಿಗೆ ದೋಸೆ ಜಾಸ್ತಿ ಹೋದರೆ? ಸೆಟ್‌ಗೆ ಉಳಿಯೋದು 92 ಮಾತ್ರ. ಅಸಲಿಗೇ ಸುಮಾರು 3.1 ಲಕ್ಷ ಬೇಕು, ಶೇ. 25 ಇದ್ದ ಆ ಅಂತರ ಶೇ. 18ರ ಹತ್ತಿರಕ್ಕೆ ಬರುತ್ತೆ. ಗಲ್ಲಾ ನೋಡಿದರೆ ಇದು ಗೊತ್ತೇ ಆಗಲ್ಲ. ತಿಂಗಳಿಗೊಮ್ಮೆ ಬಿಲ್‌ಗಳಲ್ಲಿ ಐಟಂ ಎಣಿಸಿ.