ಒಂದೇ ಅಂಕಪಟ್ಟಿ, ಎರಡು ವಾಯಿದೆ: ನೆಟ್ ಪರೀಕ್ಷೆಯಲ್ಲಿ ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ನಾನು ಸಮಾಜಕಾರ್ಯ ವಿಷಯದ ಅತಿಥಿ ಉಪನ್ಯಾಸಕ. ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್‌ಡಿ ಪ್ರವೇಶಕ್ಕೂ ಅರ್ಹತೆ ನಿರ್ಧರಿಸುವ ಯುಜಿಸಿ ನೆಟ್ ಪರೀಕ್ಷೆಯನ್ನು ಎರಡು ಬಾರಿ ಬರೆದಿದ್ದೇನೆ. ಮೊದಲ ಬಾರಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಸಲ್ಲುವ ಮೂರನೆಯ ವರ್ಗದಲ್ಲಿ, ಎರಡನೆಯ ಬಾರಿ ಹುದ್ದೆಗೂ ಸಲ್ಲುವ ಎರಡನೆಯ ವರ್ಗದಲ್ಲಿ ತೇರ್ಗಡೆಯಾದೆ. ಈ ಎರಡು ವರ್ಗಗಳ ನಡುವಿನ ವ್ಯತ್ಯಾಸ ನನಗೆ ಅರ್ಥವಾದದ್ದು ಪರೀಕ್ಷೆ ಬರೆದ ಮೇಲೆ. ಅರ್ಜಿ ತುಂಬುವ ಮೊದಲೇ ತಿಳಿದಿದ್ದರೆ ಸುಮಾರು ಒಂದು ವರ್ಷದ ಗೊಂದಲ ತಪ್ಪುತ್ತಿತ್ತು.

ಮೊದಲು ವಿಷಯದ ಆಯ್ಕೆ. ನಾನು ಓದಿದ್ದು ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಎಂಎಸ್‌ಡಬ್ಲ್ಯೂ, ವಿಶೇಷ ಅಧ್ಯಯನ ಮಾನವ ಸಂಪನ್ಮೂಲ ನಿರ್ವಹಣೆ. ನೆಟ್ ವಿಷಯಪಟ್ಟಿಯಲ್ಲಿ ಸಮಾಜಕಾರ್ಯ ಒಂದು ವಿಷಯವಾದರೆ, ಕಾರ್ಮಿಕ ಕಲ್ಯಾಣ ಮತ್ತು ಮಾನವ ಸಂಪನ್ಮೂಲ ನಿರ್ವಹಣೆಯನ್ನು ಒಳಗೊಂಡ ವಿಷಯ ಬೇರೆಯೇ ಇದೆ. ಸಹಪಾಠಿಗಳಲ್ಲಿ ಹಲವರು ತೋರಣಗಲ್ಲಿನ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ಕೆಲಸಕ್ಕಿದ್ದು, ಕಾರ್ಮಿಕ ಕಾಯ್ದೆಗಳು ಬಾಯಿಪಾಠವಾಗಿದ್ದರಿಂದ ಎರಡನೆಯದನ್ನೇ ಆರಿಸಿಕೊಂಡರು. ನನಗೂ ಅದೇ ಸುಲಭವೆನಿಸಿತ್ತು. ಆದರೆ ಪರೀಕ್ಷೆಯ ಮಾಹಿತಿ ಪುಸ್ತಿಕೆಯ ಪ್ರಕಾರ ಅಭ್ಯರ್ಥಿ ತನ್ನ ಸ್ನಾತಕೋತ್ತರ ವಿಷಯದಲ್ಲೇ ಬರೆಯಬೇಕು. ಆ ವಿಷಯ ಪಟ್ಟಿಯಲ್ಲೇ ಇಲ್ಲದಿದ್ದಾಗ ಮಾತ್ರ ಸಮೀಪದ ವಿಷಯಕ್ಕೆ ಹೋಗಬಹುದು. ನನ್ನ ಪದವಿ ಪ್ರಮಾಣಪತ್ರದಲ್ಲಿ ಮುದ್ರಿತವಾಗಿರುವುದು ಸಮಾಜಕಾರ್ಯ. ವಿಶೇಷ ಅಧ್ಯಯನದ ಹೆಸರು ಅಂಕಪಟ್ಟಿಯ ಪತ್ರಿಕೆಗಳಲ್ಲಿ ಮಾತ್ರ ಕಾಣುತ್ತದೆ. ನಮ್ಮ ವಿಭಾಗದ ಹಿರಿಯರೊಬ್ಬರು ಇನ್ನೊಂದು ಮಾತು ಹೇಳಿದರು: ‘ನಾಳೆ ಹುದ್ದೆಗೆ ಕರೆಯುವಾಗ ಸಮಾಜಕಾರ್ಯ ಅಂತಲೇ ಕರೀತಾರ. ದಾಖಲೆ ನೋಡುವವರ ಮುಂದ ಪದವಿ ಒಂದು ವಿಷಯ, ನೆಟ್ ಇನ್ನೊಂದು ವಿಷಯ ಅಂತಾದರ ಅದು ಸಂಬಂಧಿತ ವಿಷಯ ಹೌದೋ ಅಲ್ಲೋ ಅಂತ ನೀವೇ ಒಪ್ಪಿಸಬೇಕಾಗತದ.’ ನಾನು ಸಮಾಜಕಾರ್ಯವನ್ನೇ ಆರಿಸಿಕೊಂಡೆ. ಯಾವುದು ಸುಲಭ ಎಂಬುದಕ್ಕಿಂತ ಪದವಿ, ನೆಟ್, ಹುದ್ದೆ ಈ ಮೂರರಲ್ಲೂ ಒಂದೇ ಹೆಸರು ಇರುವುದು ಮುಖ್ಯ ಎಂಬ ನನ್ನ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ.

ಅರ್ಜಿಯಲ್ಲಿ ನಮ್ಮ ಭಾಗದವರು ಎಡವುವ ಜಾಗ ಮೀಸಲಾತಿಯ ಕಾಲಂ. ನಾನು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ 2ಎ. ಆ ಪ್ರಮಾಣಪತ್ರ ನೆಟ್‌ಗೆ ನಡೆಯುವುದಿಲ್ಲ. ಜಾತಿ ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರಬೇಕು, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿರಬೇಕು. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಕೇಂದ್ರದ ಪಟ್ಟಿಯಲ್ಲೂ ಇರುತ್ತಾರೆಂದು ಭಾವಿಸಬಾರದು. ರಾಜ್ಯದ ನೇಮಕಾತಿಗಳಲ್ಲಿ ನಮಗೆ ದೊರೆಯುವ 371(ಜೆ) ಮೀಸಲಾತಿಯೂ ಇಲ್ಲಿ ಇಲ್ಲ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರಿಗೂ ಸಾಮಾನ್ಯವಾದ ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ವಿಷಯದ ಎರಡನೆಯ ಪತ್ರಿಕೆಯಲ್ಲಿ 100 ಪ್ರಶ್ನೆ, ಪ್ರತಿಯೊಂದಕ್ಕೂ ಎರಡು ಅಂಕ, ಒಟ್ಟು 300. ನಡುವೆ ಬಿಡುವಿಲ್ಲದ ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬಾರದು. ಕೊಪ್ಪಳದಿಂದ ಹುಬ್ಬಳ್ಳಿಗೆ ಹಿಂದಿನ ಸಂಜೆಯೇ ರೈಲಿನಲ್ಲಿ ಹೋಗಿ, ಪರಿಚಿತರ ಮನೆಯಲ್ಲಿ ಉಳಿದು ಬರೆದೆ.

2024ರ ಜೂನ್ ಆವೃತ್ತಿಯ ಫಲಿತಾಂಶ ಅಕ್ಟೋಬರ್ 17ರಂದು ಬಂತು. ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಅಂಕಪಟ್ಟಿ ತೆರೆದಾಗ ಅಂಗಡಿಯವರು ‘ಸರ, ಪಾಸ್ ಆತೇನ್ರಿ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. 300ಕ್ಕೆ 150 ಅಂಕ ಬಂದಿತ್ತು, ಅಂದರೆ ಶೇಕಡಾ 50. ಮೀಸಲು ವರ್ಗಕ್ಕೆ ಬೇಕಾದ ಕನಿಷ್ಠ ಅಂಕ ಶೇಕಡಾ 35 ಮಾತ್ರ. ಆದರೂ ಕೆಳಗಿನ ಸಾಲಿನಲ್ಲಿ ಪಿಎಚ್‌ಡಿ ಪ್ರವೇಶಕ್ಕೆ ಮಾತ್ರ ಅರ್ಹ ಎಂದಿತ್ತು. ಆ ಶೇಕಡಾ 35, ಸಾಮಾನ್ಯ ವರ್ಗಕ್ಕೆ 40, ಪರಿಗಣನೆಗೆ ಬರಲು ಬೇಕಾದ ಅಂಕವಷ್ಟೇ. ಎರಡೂ ಪತ್ರಿಕೆ ಬರೆದವರಲ್ಲಿ ಶೇಕಡಾ ಆರರಷ್ಟು ಜನರಿಗೆ ಮಾತ್ರ ಸಹಾಯಕ ಪ್ರಾಧ್ಯಾಪಕ ಅರ್ಹತೆ ದೊರೆಯುತ್ತದೆ. ಆ ಸಂಖ್ಯೆಯನ್ನು ವಿಷಯವಾರು, ಮೀಸಲಾತಿವಾರು ಹಂಚುವುದರಿಂದ ಕಟ್‌ಆಫ್ ಪ್ರತಿ ಬಾರಿ ಬೇರೆಯಾಗುತ್ತದೆ.

ಮೂರು ವರ್ಗಗಳ ಈ ಪದ್ಧತಿ ಆ ಆವೃತ್ತಿಯಿಂದಲೇ ಆರಂಭವಾದದ್ದು. ಮೊದಲ ವರ್ಗದವರಿಗೆ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಮತ್ತು ಸಹಾಯಕ ಪ್ರಾಧ್ಯಾಪಕ ಅರ್ಹತೆ ಎರಡೂ ಇವೆ. ಎರಡನೆಯ ವರ್ಗದವರಿಗೆ ಸಹಾಯಕ ಪ್ರಾಧ್ಯಾಪಕ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶ. ಮೂರನೆಯವರಿಗೆ ಪಿಎಚ್‌ಡಿ ಪ್ರವೇಶ ಮಾತ್ರ. ಜೆಆರ್‌ಎಫ್‌ಗೆ 30 ವರ್ಷದ ಮಿತಿಯಿದ್ದು, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಐದು ವರ್ಷದವರೆಗೆ ಸಡಿಲಿಕೆಯಿದೆ. ಉಳಿದೆರಡಕ್ಕೆ ವಯೋಮಿತಿಯಿಲ್ಲ. ನನಗೆ 37 ದಾಟಿದ್ದರಿಂದ ಮೊದಲನೆಯದರ ಪ್ರಶ್ನೆಯೇ ಇರಲಿಲ್ಲ.

ನಾನು ತಪ್ಪು ತಿಳಿದದ್ದು ವಾಯಿದೆಯ ವಿಷಯದಲ್ಲಿ. ನೆಟ್ ಎಂದರೆ ಜೀವನಪರ್ಯಂತ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ನಿಜ. ಎರಡನೆಯ ಮತ್ತು ಮೂರನೆಯ ವರ್ಗದವರ ಅಂಕಗಳು ಪಿಎಚ್‌ಡಿ ಪ್ರವೇಶಕ್ಕೆ ಸಲ್ಲುವುದು ಒಂದೇ ವರ್ಷ. ಹಾಗಾಗಿ ಎರಡನೆಯ ವರ್ಗದವರ ಅಂಕಪಟ್ಟಿಗೆ ವರ್ಷ ತುಂಬಿದರೂ ಅವರ ಕೈಯಲ್ಲಿ ಉಪನ್ಯಾಸಕ ಅರ್ಹತೆ ಉಳಿಯುತ್ತದೆ. ಮೂರನೆಯ ವರ್ಗದವರಿಗೆ ಏನೂ ಉಳಿಯುವುದಿಲ್ಲ.

ಇದನ್ನು ತಿಳಿಯದೆ ನಾನು ನಿಶ್ಚಿಂತನಾಗಿದ್ದೆ. ನಾನು ಸೇರಬೇಕೆಂದಿದ್ದ ವಿಶ್ವವಿದ್ಯಾಲಯದ ಪಿಎಚ್‌ಡಿ ಅಧಿಸೂಚನೆ ‘ಈ ತಿಂಗಳು, ಮುಂದಿನ ತಿಂಗಳು’ ಎನ್ನುತ್ತಲೇ ಮುಂದಕ್ಕೆ ಹೋಗಿ, ಅರ್ಜಿಯ ಕೊನೆಯ ದಿನ 2025ರ ನವೆಂಬರ್‌ಗೆ ಬಂದು ನಿಂತಿತು. ಹಳೆಯ ಅಂಕಪಟ್ಟಿಯನ್ನು ತೋರಿಸಿದಾಗ ಅಲ್ಲಿನ ಸಿಬ್ಬಂದಿ ಫಲಿತಾಂಶದ ದಿನಾಂಕದ ಮೇಲೆ ಪೆನ್ನಿನ ತುದಿಯಿಟ್ಟು ಬೆರಳು ಮಡಚಿ ತಿಂಗಳುಗಳನ್ನು ಎಣಿಸಿದರು. ಹದಿಮೂರನೆಯ ತಿಂಗಳಾಗಿತ್ತು. ಪುಣ್ಯಕ್ಕೆ, ಉಪನ್ಯಾಸಕ ಅರ್ಹತೆಯ ಆಸೆಯಿಂದ ಆ ವರ್ಷದ ಜೂನ್ ಆವೃತ್ತಿಯನ್ನೂ ಬರೆದಿದ್ದೆ. ಜುಲೈನಲ್ಲಿ ಬಂದ ಫಲಿತಾಂಶದಲ್ಲಿ 168 ಅಂಕಗಳೊಂದಿಗೆ ಎರಡನೆಯ ವರ್ಗ ಸಿಕ್ಕಿತ್ತು. ಆ ಅಂಕಪಟ್ಟಿಯನ್ನು ಲಗತ್ತಿಸಿ ಅರ್ಜಿ ಕೊಟ್ಟೆ.

ಪಿಎಚ್‌ಡಿ ಆಯ್ಕೆಯಲ್ಲಿ ಈ ಅಂಕಗಳಿಗೆ ಶೇಕಡಾ 70, ಸಂದರ್ಶನಕ್ಕೆ ಶೇಕಡಾ 30ರ ತೂಕ. 300ಕ್ಕೆ 168 ಎಂದರೆ ಶೇಕಡಾ 56, ಅದರ ಶೇಕಡಾ 70 ಎಂದರೆ 39.2. ಹಳೆಯ 150 ಅಂಕಕ್ಕಾದರೆ 35 ಮಾತ್ರ ಬರುತ್ತಿತ್ತು. ಸಂದರ್ಶನದಲ್ಲಿ 4.2 ಅಂಕ ಹೆಚ್ಚು ಗಳಿಸುವುದು ಸಣ್ಣ ಮಾತಲ್ಲ. ಅಂಕಪಟ್ಟಿಯಲ್ಲಿ ಪರ್ಸೆಂಟೈಲ್ ಎಂಬ ಇನ್ನೊಂದು ಸಂಖ್ಯೆಯೂ ಇರುತ್ತದೆ. ಅದು ನಿಮಗಿಂತ ಹಿಂದಿರುವವರ ಪ್ರಮಾಣವನ್ನು ಹೇಳುತ್ತದೆಯೇ ಹೊರತು ನೀವು ಪಡೆದ ಅಂಕದ ಶೇಕಡಾವಾರನ್ನಲ್ಲ. ನನ್ನ ಜೊತೆ ಸಾಲಿನಲ್ಲಿ ನಿಂತಿದ್ದ ಒಬ್ಬರು ಶೇಕಡಾವಾರಿನ ಕಾಲಂನಲ್ಲಿ ಪರ್ಸೆಂಟೈಲ್ ಬರೆದು, ಮತ್ತೆ ಹೊಸ ಅರ್ಜಿ ತುಂಬಬೇಕಾಯಿತು.

ರಾಜ್ಯದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಬರೆದರೆ ಸಾಲದೇ ಎಂದು ಸಹೋದ್ಯೋಗಿಗಳು ಈಗಲೂ ಕೇಳುತ್ತಾರೆ. ಕರ್ನಾಟಕದೊಳಗೆ ಪಾಠ ಹೇಳುವುದಷ್ಟೇ ಗುರಿಯಾದರೆ ಸಾಕು. ಅದರ ಅರ್ಹತೆಗೂ ವಾಯಿದೆಯಿಲ್ಲ, ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಆದರೆ ಅದರಲ್ಲಿ ಫೆಲೋಶಿಪ್ ಇಲ್ಲ, ರಾಜ್ಯದ ಗಡಿ ದಾಟಿದರೆ ಅದು ಸಲ್ಲುವುದಿಲ್ಲ. ರಾಯಚೂರಿನಿಂದ ಸ್ವಲ್ಪವೇ ದೂರ ಹೋದರೆ ತೆಲಂಗಾಣ. ಅಲ್ಲಿನ ಕಾಲೇಜಿನಲ್ಲಿ ಹುದ್ದೆ ಕೇಳುವುದಾದರೆ ನೆಟ್ ಬೇಕಾಗುತ್ತದೆ, ಇಲ್ಲವೇ ಅವರದೇ ರಾಜ್ಯದ ಸೆಟ್.